ಒಂದೇ ಡೆಸ್ಕ್‌ಟಾಪಿನಲ್ಲಿ ಲೈವ್ ಪಾಠ: ಮೊದಲು ಎನ್‌ಕೋಡರ್, ಆಮೇಲೆ ಕ್ಯಾಪ್ಚರ್ ಕಾರ್ಡ್

ಜೂನ್ ಮೊದಲ ವಾರ

ಶನಿವಾರ ಸಂಜೆ ಯೂಟ್ಯೂಬಿನಲ್ಲಿ ಕನ್ನಡ ಅಕ್ಷರ ವಿನ್ಯಾಸದ ಪಾಠ ಮಾಡುತ್ತೇನೆ. ಒಂದೂವರೆ ಗಂಟೆ. ಅರ್ಧ ಹೊತ್ತು ಇಂಕ್‌ಸ್ಕೇಪಿನಲ್ಲಿ ಅಕ್ಷರ ಕಟ್ಟುವುದು, ಉಳಿದರ್ಧ ಕಾಗದದ ಮೇಲೆ ಚಪ್ಪಟೆ ನಿಬ್ಬಿನ ಪೆನ್ನಿನಲ್ಲಿ ಬರೆದು ತೋರಿಸುವುದು. ಲೈವ್ ಹೋಗುತ್ತಿರುವಾಗಲೇ ಅದೇ ಪಾಠ ಒಳ್ಳೆಯ ಗುಣಮಟ್ಟದಲ್ಲಿ ಡಿಸ್ಕಿನಲ್ಲೂ ರೆಕಾರ್ಡ್ ಆಗಬೇಕು, ಆಮೇಲೆ ಕತ್ತರಿಸಿ ಸಣ್ಣ ವಿಡಿಯೊ ಮಾಡುವುದಕ್ಕೆ. ಇಷ್ಟೂ ಕೆಲಸಕ್ಕೆ ಇರುವುದು ಒಂದೇ ಡೆಸ್ಕ್‌ಟಾಪ್: ಐ5-12400ಎಫ್ ಪ್ರೊಸೆಸರ್, 16 ಜಿಬಿ ರ್‍ಯಾಮ್, ಜಿಟಿ 1030 ಗ್ರಾಫಿಕ್ಸ್ ಕಾರ್ಡ್.

ಕಳೆದ ಪಾಠದಲ್ಲಿ ಚಿತ್ರ ತಡೆತಡೆದು ಹೋಯಿತು. ಕಂಪ್ಯೂಟರ್ ಅಂಗಡಿಯಲ್ಲಿ ಕೇಳಿದಾಗ, "ಕ್ಯಾಪ್ಚರ್ ಕಾರ್ಡ್ ಹಾಕ್ಕೊಳ್ಳಿ ಮೇಡಂ, ಸಿಪಿಯು ಮೇಲಿನ ಭಾರ ಕಮ್ಮಿ ಆಗುತ್ತೆ" ಅಂದರು. ನಾನೂ ಹಾಗೇ ಅಂದುಕೊಂಡಿದ್ದೆ. ಆದರೆ ದುಡ್ಡು ಕೊಡುವ ಮೊದಲು ತೊಂದರೆ ಎಲ್ಲಿದೆ ಅಂತ ನೋಡಿಬಿಡೋಣ ಎಂದು ಮನೆಗೆ ಬಂದು, ಲೈವ್ ಕಳಿಸಲೂ ರೆಕಾರ್ಡ್ ಮಾಡಲೂ ಬಳಸುವ ಓಬಿಎಸ್ ತಂತ್ರಾಂಶ ತೆರೆದೆ.

ಓಬಿಎಸ್‌ನಲ್ಲಿ Stats ಎಂಬ ಪಟ್ಟಿಯಿದೆ. ಅದರ ಮೂರು ಸಾಲು ನೋಡಿದರೆ ಯಾವ ಹಾರ್ಡ್‌ವೇರ್ ಸೋಲುತ್ತಿದೆ ಎಂದು ಗೊತ್ತಾಗುತ್ತದೆ. `Frames missed due to rendering lag` ಏರುತ್ತಿದ್ದರೆ ಗ್ರಾಫಿಕ್ಸ್ ಕಾರ್ಡಿಗೆ ದೃಶ್ಯ ಜೋಡಿಸುವುದಕ್ಕೇ ಬಿಡುವಿಲ್ಲ. `Skipped frames due to encoding lag` ಏರುತ್ತಿದ್ದರೆ ಜೋಡಿಸಿದ ಚಿತ್ರವನ್ನು ಕುಗ್ಗಿಸುವ ಎನ್‌ಕೋಡರ್ ಹಿಂದೆ ಬೀಳುತ್ತಿದೆ. `Dropped frames (Network)` ಅಂದರೆ ಮನೆಯ ಇಂಟರ್ನೆಟ್. ಹತ್ತು ನಿಮಿಷ ಸುಳ್ಳು ಪಾಠ ಮಾಡಿ ನೋಡಿದೆ. ಮೊದಲನೆಯದೂ ಮೂರನೆಯದೂ ಸೊನ್ನೆ. ನಡುವಿನದು ಮಾತ್ರ ಶೇ. 6 ದಾಟಿತ್ತು.

ಕಾರಣ ಸರಳ. ಜಿಟಿ 1030ರಲ್ಲಿ ವಿಡಿಯೊ ಎನ್‌ಕೋಡರೇ ಇಲ್ಲ. ಪ್ರೊಸೆಸರಿನ ಹೆಸರಿನ ಕೊನೆಗೆ ಇರುವ ಎಫ್ ಅಕ್ಷರದ ಅರ್ಥ ಒಳಗೆ ಗ್ರಾಫಿಕ್ಸ್ ಇಲ್ಲ ಎಂದು. ಹಾಗಾಗಿ ಇಂಟೆಲ್‌ನ ಕ್ವಿಕ್ ಸಿಂಕ್ ಎನ್‌ಕೋಡರೂ ಇಲ್ಲ. ಲೈವ್‌ಗೆ ಒಂದು, ರೆಕಾರ್ಡಿಂಗಿಗೆ ಒಂದು, ಸಾಫ್ಟ್‌ವೇರಿನಲ್ಲೇ ನಡೆಯುವ ಎರಡು ಎಕ್ಸ್264 ಎನ್‌ಕೋಡಿಂಗೂ ಸಿಪಿಯು ತಲೆಯ ಮೇಲೇ ಕೂತಿದ್ದವು. ಇಂಕ್‌ಸ್ಕೇಪ್ ಕೂಡ ಚಿತ್ರ ಬಿಡಿಸುವುದು ಸಿಪಿಯುವಿನಲ್ಲೇ. ನಾನು ಒಂದು ಅಕ್ಷರಕ್ಕೆ ಬ್ಲರ್ ಹಾಕಿ ಜೂಮ್ ಮಾಡಿದ ಕ್ಷಣವೇ ಲೈವ್ ನಿಲ್ಲುತ್ತಿದ್ದುದು ಇದಕ್ಕೇ.

ಕ್ಯಾಪ್ಚರ್ ಕಾರ್ಡ್ ಇದಕ್ಕೆ ಮದ್ದಲ್ಲ. ನಮ್ಮದೇ ಪರದೆಯ ಚಿತ್ರ ಗ್ರಾಫಿಕ್ಸ್ ಕಾರ್ಡಿನ ಮೆಮೊರಿಯಲ್ಲೇ ಇರುತ್ತದೆ, ಓಬಿಎಸ್ ಅಲ್ಲಿಂದಲೇ ಎತ್ತಿಕೊಳ್ಳುತ್ತದೆ. ಕ್ಯಾಪ್ಚರ್ ಕಾರ್ಡ್ ಬೇಕಾಗುವುದು ಚಿತ್ರ ಹೊರಗಿನಿಂದ ಬರುವಾಗ: ಕ್ಯಾಮೆರಾ, ಗೇಮ್ ಕನ್ಸೋಲ್, ಇನ್ನೊಂದು ಕಂಪ್ಯೂಟರ್. ಅದೂ ಸಾಮಾನ್ಯ ಯುಎಸ್‌ಬಿ ಕಾರ್ಡುಗಳು ಫ್ರೇಮ್ ತಂದು ಕೊಡುತ್ತವೆ ಅಷ್ಟೇ, ಲೈವ್‌ಗೆ ಬೇಕಾದ ಎನ್‌ಕೋಡಿಂಗ್ ಮಾಡಿಕೊಡುವುದಿಲ್ಲ. ಎರಡು ಕಂಪ್ಯೂಟರ್ ಇಟ್ಟುಕೊಂಡು ಒಂದರಲ್ಲಿ ಆಡಿ ಇನ್ನೊಂದರಲ್ಲಿ ಎನ್‌ಕೋಡ್ ಮಾಡುವವರಿಗೆ ಮಾತ್ರ ಕಾರ್ಡಿನಿಂದ ಭಾರ ಇಳಿಯುತ್ತದೆ, ಏಕೆಂದರೆ ಅಲ್ಲಿ ಭಾರ ಹೊರುವುದು ಎರಡನೆಯ ಕಂಪ್ಯೂಟರ್.

ಜೂನ್ ಮೂರನೇ ವಾರ

ಮುಂದಿದ್ದ ದಾರಿ ಮೂರು. ಪ್ರೊಸೆಸರ್ ಬದಲಿಸಿ ಎಫ್ ಇಲ್ಲದ ಐ5-12400 ಹಾಕಿದರೆ ಕ್ವಿಕ್ ಸಿಂಕ್ ಸಿಗುತ್ತದೆ. ನನ್ನ ಕೆಲಸಕ್ಕೆ ಅದು ಧಾರಾಳ ಸಾಕು. ಹೊಸದಾಗಿ ಪಿಸಿ ಕಟ್ಟಿಸುವವರು ಸ್ವಲ್ಪ ದುಡ್ಡು ಉಳಿಸಲು ಎಫ್ ಪ್ರೊಸೆಸರ್ ತಗೊಳ್ಳಬೇಡಿ ಅಂತ ಖಂಡಿತ ಹೇಳುತ್ತೇನೆ. ಎರಡನೆಯದು ಇಂಟೆಲ್ ಆರ್ಕ್ ಎ380 ಗ್ರಾಫಿಕ್ಸ್ ಕಾರ್ಡ್. ಅದರಲ್ಲಿ ಎವಿ1 ಎಂಬ ಹೊಸ ವಿಡಿಯೊ ಕ್ರಮದ ಎನ್‌ಕೋಡರ್ ಕೂಡ ಇದೆ, ಯೂಟ್ಯೂಬ್ ಲೈವ್ ಎವಿ1 ತೆಗೆದುಕೊಳ್ಳುತ್ತದೆ. ಮೂರನೆಯದು ಎನ್ವಿಡಿಯಾದ ಟ್ಯೂರಿಂಗ್ ಪೀಳಿಗೆಯ ಅಥವಾ ಅದರ ನಂತರದ ಕಾರ್ಡ್. ಟ್ಯೂರಿಂಗ್‌ನಲ್ಲಿ ಎನ್‌ವೆಂಕ್ ಎನ್‌ಕೋಡರಿನ ಗುಣಮಟ್ಟ ಚೆನ್ನಾಗಿ ಏರಿತು. ಆದರೆ ಆ ಸಾಲಿನ ಜಿಟಿಎಕ್ಸ್ 1650ರ ಮೊದಲ ಆವೃತ್ತಿಯಲ್ಲಿ ಇರುವುದು ಹಿಂದಿನ ಪೀಳಿಗೆಯ ಎನ್‌ಕೋಡರ್. ಹೆಸರು ನೋಡಿ ಮೋಸ ಹೋಗುವ ಜಾಗ ಇದು. ಎಎಮ್‌ಡಿ ಕಡೆ ಆರ್‌ಎಕ್ಸ್ 6400 ಮತ್ತು 6500 ಎಕ್ಸ್‌ಟಿ ಕೂಡ ಹಾಗೇ: ಆಟಕ್ಕೆ ಸರಿ, ಎನ್‌ಕೋಡರ್ ಇಲ್ಲ.

ನಮ್ಮ ಊರಿನಲ್ಲೇ ಒಬ್ಬರು ಜಿಟಿಎಕ್ಸ್ 1660 ಸೂಪರ್ ಮಾರುತ್ತಿದ್ದರು, ₹9,000. ಅವರ ಮನೆಗೇ ಹೋಗಿ, ಅವರ ಪಿಸಿಯಲ್ಲೇ ಓಬಿಎಸ್ ಹಾಕಿ ಇಪ್ಪತ್ತು ನಿಮಿಷ ರೆಕಾರ್ಡ್ ಮಾಡಿ ನೋಡಿ ತಂದೆ. 125 ವ್ಯಾಟ್‌ನ ಕಾರ್ಡ್, ಎಂಟು ಪಿನ್ನಿನ ವೈರ್ ಬೇಕು, ನನ್ನ ಪವರ್ ಸಪ್ಲೈಯಲ್ಲಿ ಅದಿತ್ತು.

ಓಬಿಎಸ್‌ನ Output ಪುಟವನ್ನು `Advanced` ಮಾಡಿದರೆ ಲೈವ್‌ಗೂ ರೆಕಾರ್ಡಿಂಗಿಗೂ ಬೇರೆಬೇರೆ ಎನ್‌ಕೋಡರ್ ಕೊಡಬಹುದು. ಎರಡಕ್ಕೂ ಎನ್‌ವೆಂಕ್ ಎಚ್.264 ಕೊಟ್ಟೆ. ಲೈವ್‌ಗೆ `CBR`, 6000 ಕೆಬಿಪಿಎಸ್, ಕೀಫ್ರೇಮ್ 2 ಸೆಕೆಂಡ್. ರೆಕಾರ್ಡಿಂಗಿಗೆ `CQP` 19. ಲೈವ್‌ನಲ್ಲಿ ಬಿಟ್‌ರೇಟ್ ಒಂದೇ ಸಮ ಇರಬೇಕು, ಯಾಕೆಂದರೆ ಅದು ಇಂಟರ್ನೆಟ್ ಲೈನಿನಲ್ಲಿ ಹಿಡಿಸಬೇಕು. ಡಿಸ್ಕಿಗೆ ಆ ಕಟ್ಟುಪಾಡಿಲ್ಲ. ಪರದೆ ಸುಮ್ಮನಿದ್ದಾಗ ಕಡಿಮೆ, ಪೆನ್ನು ಓಡುವಾಗ ಹೆಚ್ಚು ಬರೆದುಕೊಳ್ಳಲಿ, ಗುಣಮಟ್ಟ ಮಾತ್ರ ಬದಲಾಗದಿರಲಿ. ಇಡೀ ಪಾಠದ ಫೈಲ್ ಈಗ ಸುಮಾರು 7 ಜಿಬಿ ಆಗುತ್ತದೆ.

ಮತ್ತೆ ಅದೇ ಬ್ಲರ್, ಅದೇ ಜೂಮ್. Stats ಪಟ್ಟಿಯಲ್ಲಿ ಮೂರೂ ಸೊನ್ನೆ. ಟಾಸ್ಕ್ ಮ್ಯಾನೇಜರಿನ GPU ಪುಟದಲ್ಲಿ `Video Encode` ಎಂಬ ಗೆರೆ ಎರಡು ಎನ್‌ಕೋಡಿಂಗ್ ಸೇರಿ ಶೇ. 30ರ ಕೆಳಗೇ ಇತ್ತು. ಎಷ್ಟು ಖುಷಿಯಾಯಿತೆಂದರೆ ಆ ರಾತ್ರಿ ಸುಮ್ಮನೆ ಇನ್ನೊಂದು ಗಂಟೆ ಅಕ್ಷರ ಬಿಡಿಸುತ್ತಾ ಕೂತೆ.

ಜೂನ್ ಕೊನೆ

ಫ್ರೇಮ್ ತಪ್ಪುವುದು ನಿಂತ ಮೇಲೆ ಬೇರೆ ದೂರು ಬಂತು. "ಅಕ್ಕಾ, ಒತ್ತು ಸರಿಯಾಗಿ ಕಾಣ್ತಿಲ್ಲ" ಎಂದು ಇಬ್ಬರು ಬರೆದರು. ರೆಕಾರ್ಡಿಂಗ್ ನಿಲ್ಲಿಸಿ ನೋಡಿದೆ. ಮೆನುವಿನ ಅಕ್ಷರಗಳಲ್ಲಿ "ಸ್ತ್ರ" ಅಂಥ ಕಡೆ ಕೆಳಗಿನ ಒತ್ತುಗಳು ಬೂದು ಚುಕ್ಕೆಯಾಗಿದ್ದವು. ಇದು ಎನ್‌ಕೋಡರಿನ ತಪ್ಪಲ್ಲ. ನನ್ನ ಮಾನಿಟರ್ 2560x1440, ಲೈವ್ 1920x1080. ಕುಗ್ಗಿಸಿದಾಗ ಒಂದು ಪಿಕ್ಸೆಲ್ ದಪ್ಪದ ಗೆರೆಗೆ ಮುಕ್ಕಾಲು ಪಿಕ್ಸೆಲ್ ಸಿಗುತ್ತದೆ, ಗೆರೆ ಬಣ್ಣ ಕಳೆದುಕೊಳ್ಳುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದುಕೊಳ್ಳುತ್ತದೆ. ಕನ್ನಡದ ಒತ್ತಕ್ಷರ ಮೊದಲೇ ಸಣ್ಣದು, ಅದು ಅಳಿಸಿಹೋಗುತ್ತದೆ. ಈಗ ಪಾಠದ ಹೊತ್ತಿಗೆ ಮಾನಿಟರನ್ನೇ 1920x1080ಕ್ಕೆ ಇಳಿಸುತ್ತೇನೆ. ನನ್ನ ಕಣ್ಣಿಗೆ ಸ್ವಲ್ಪ ಮಸುಕು, ನೋಡುವವರಿಗೆ ಪಿಕ್ಸೆಲ್‌ಗೆ ಪಿಕ್ಸೆಲ್ ಸ್ಪಷ್ಟ.

ಜುಲೈ

ಈಗ ಕ್ಯಾಮೆರಾ. ಅಲ್ಲಿಯವರೆಗೆ ಕಾಗದ ತೋರಿಸಲು ವೆಬ್‌ಕ್ಯಾಮ್ ಬಳಸುತ್ತಿದ್ದೆ. ಮನೆಯಲ್ಲಿದ್ದ ಮಿರರ್‌ಲೆಸ್ ಕ್ಯಾಮೆರಾವನ್ನು ಮೇಜಿನ ಮೇಲೆ ತಲೆಕೆಳಗಾಗಿ ಕಟ್ಟಿದೆ. ಎಚ್‌ಡಿಎಂಐನಲ್ಲಿ ಬ್ಯಾಟರಿ ಚಿಹ್ನೆ, ಫೋಕಸ್ ಚೌಕ ಇಲ್ಲದ ಬರೀ ಚಿತ್ರ ಹೊರಬರುತ್ತದೆಯೇ ಎಂದು ಟಿವಿಗೆ ಚುಚ್ಚಿ ನೋಡಿಕೊಂಡೆ. ಇದನ್ನು ಕಾರ್ಡ್ ಕೊಳ್ಳುವ ಮೊದಲೇ ನೋಡಬೇಕು. ಕೆಲವು ಕ್ಯಾಮೆರಾಗಳಲ್ಲಿ ಆ ಚಿಹ್ನೆಗಳು ತೆಗೆಯಲು ಬರುವುದೇ ಇಲ್ಲ.

ಮೊದಲು ತಂದದ್ದು ಹೆಸರಿಲ್ಲದ ಒಂದು ಅಗ್ಗದ ಡಾಂಗಲ್. ಡಬ್ಬದ ಮೇಲೆ 4ಕೆ ಎಂದು ದೊಡ್ಡದಾಗಿತ್ತು. ಅದು ಒಳಗೆ ತೆಗೆದುಕೊಳ್ಳುವ ಸಿಗ್ನಲ್ಲಿನ ಮಾತು, ಕಂಪ್ಯೂಟರಿಗೆ ಕೊಡುವುದು ಬೇರೆ. ಏನು ಕೊಡುತ್ತದೆ ಎಂದು ಎಫ್‌ಎಫ್‌ಎಂಪೆಗ್‌ನಲ್ಲಿ ಕೇಳಬಹುದು:

```
ffmpeg -list_options true -f dshow -i video="USB Video"
```

ಬಂದ ಉತ್ತರದಲ್ಲಿ ಮುಖ್ಯವಾದ ಎರಡು ಸಾಲು:

```
pixel_format=yuyv422 ... max s=1920x1080 fps=5
vcodec=mjpeg         ... max s=1920x1080 fps=30
```

ಲೆಕ್ಕ ಹಾಕಿದರೆ ಹೀಗೇ ಆಗಬೇಕು. ಮೊದಲ ಸಾಲಿನ `yuyv422`, ಅಂದರೆ ಕುಗ್ಗಿಸದ `YUY2` ಚಿತ್ರದಲ್ಲಿ ಪಿಕ್ಸೆಲ್‌ಗೆ 2 ಬೈಟ್. 1920x1080ರ ಒಂದು ಫ್ರೇಮ್ ಸುಮಾರು 4.1 ಎಂಬಿ. ಸೆಕೆಂಡಿಗೆ 30 ಫ್ರೇಮ್ ಅಂದರೆ 124 ಎಂಬಿ. ಯುಎಸ್‌ಬಿ 2.0 ಕಾಗದದ ಮೇಲೆಯೇ ಸೆಕೆಂಡಿಗೆ 60 ಎಂಬಿ ಒಯ್ಯುತ್ತದೆ. ಅದಕ್ಕೇ ಡಾಂಗಲ್ ಪ್ರತಿ ಫ್ರೇಮನ್ನೂ ಜೆಪೆಗ್ ಮಾಡಿ ಕಳಿಸುತ್ತದೆ. ಮಾತಾಡುವ ಮುಖಕ್ಕೆ ಅದು ನಡೆಯುತ್ತದೆ. ಬಿಳಿ ಕಾಗದದ ಮೇಲೆ ಕಪ್ಪು ಮಸಿ ಅಂದಾಗ ಗೆರೆಯ ಅಂಚಿನುದ್ದಕ್ಕೂ ಕೊಳೆ ಹಿಡಿದ ಹಾಗೆ ಸಣ್ಣ ಚೌಕಗಳು. ನಿಬ್ಬು ಎಳೆದ ಕಡೆ ತೆಳುವಿನಿಂದ ದಪ್ಪಕ್ಕೆ ತಿರುಗುವ ಜಾಗವೇ ನನ್ನ ಪಾಠ, ಅದೇ ಹಾಳಾಗುತ್ತಿತ್ತು.

ಹಾಗಾಗಿ ಯುಎಸ್‌ಬಿ 3.0 ಕಾರ್ಡ್ ತಂದೆ. ಪಟ್ಟಿಯಲ್ಲಿ ಕುಗ್ಗಿಸದ `NV12` ಮತ್ತು `YUY2` ಎರಡೂ 1080, 60 ಫ್ರೇಮ್ ಎಂದಿತ್ತು. ಕ್ಯಾಬಿನೆಟ್ಟಿನ ಮುಂದಿನ ಪೋರ್ಟಿಗೆ ಚುಚ್ಚಿದೆ. ಚಿತ್ರ ಚೆನ್ನಾಗಿ ಬಂತು, ಆದರೆ ಹತ್ತು ಹದಿನೈದು ನಿಮಿಷಕ್ಕೊಮ್ಮೆ ಒಂದು ಕ್ಷಣ ಕಪ್ಪಾಗುತ್ತಿತ್ತು. Stats ಪಟ್ಟಿಯಲ್ಲಿ ಏನೂ ಏರಲಿಲ್ಲ, ಯಾಕೆಂದರೆ ಓಬಿಎಸ್‌ಗೆ ಫ್ರೇಮ್ ತಲುಪುವ ಮೊದಲೇ ತೊಂದರೆ. ಮೂರು ಸಾಲೂ ಸೊನ್ನೆ ಇದ್ದು ಕ್ಯಾಮೆರಾ ಚಿತ್ರ ಮಾತ್ರ ಹಾರಿದರೆ ಕೇಬಲ್, ಪೋರ್ಟ್ ಕಡೆ ನೋಡಬೇಕು. ಡಿವೈಸ್ ಮ್ಯಾನೇಜರಿನಲ್ಲಿ `Devices by connection` ಮಾಡಿ ನೋಡಿದರೆ ಕಾರ್ಡ್ ಮತ್ತು ರೆಕಾರ್ಡಿಂಗ್ ಬರೆಯುವ ಎಕ್ಸ್‌ಟರ್ನಲ್ ಡಿಸ್ಕ್ ಒಂದೇ ಹಬ್ಬಿನ ಕೆಳಗೆ ಕೂತಿದ್ದವು. ಕಾರ್ಡನ್ನು ಹಿಂದೆ, ಮದರ್‌ಬೋರ್ಡಿನ ಪೋರ್ಟಿಗೇ ಹಾಕಿ, ರೆಕಾರ್ಡಿಂಗನ್ನು ಒಳಗಿನ ಎಸ್‌ಎಸ್‌ಡಿಗೆ ಬದಲಿಸಿದೆ. ಅಲ್ಲಿಂದ ಒಮ್ಮೆಯೂ ಕಪ್ಪಾಗಿಲ್ಲ.

ಇನ್ನೊಂದು ಚಿಕ್ಕ ವಿಷಯ ಬೆಳಕಿನದು. ಕ್ಯಾಮೆರಾ 30 ಫ್ರೇಮಿನಲ್ಲಿ, ಶಟರ್ 1/60ರಲ್ಲಿ ಇದ್ದಾಗ ಕಾಗದದ ಮೇಲೆ ಪಟ್ಟೆಗಳು ತೇಲುತ್ತಿದ್ದವು. ನಮ್ಮ ಕರೆಂಟು 50 ಹರ್ಟ್ಸ್, ದೀಪ ಸೆಕೆಂಡಿಗೆ 100 ಸಲ ಮಿನುಗುತ್ತದೆ. ಶಟರ್ 1/50 ಅಥವಾ 1/100 ಇಟ್ಟರೆ ಪ್ರತಿ ಫ್ರೇಮಿಗೂ ಪೂರ್ತಿ ಮಿನುಗು ಸಿಗುತ್ತದೆ, ಪಟ್ಟೆ ಮಾಯ.

ದನಿ ಚಿತ್ರಕ್ಕಿಂತ ಮುಂದಿತ್ತು. ಕ್ಯಾಮೆರಾ ಕೆಳಗೆ ಒಮ್ಮೆ ಚಪ್ಪಾಳೆ ತಟ್ಟಿ, ರೆಕಾರ್ಡಿಂಗನ್ನು ಫ್ರೇಮ್ ಫ್ರೇಮಾಗಿ ನೋಡಿದೆ. ಸದ್ದು ಕೇಳಿ ಎರಡು ಫ್ರೇಮ್ ಆದ ಮೇಲೆ ಕೈ ಸೇರುತ್ತಿತ್ತು. ಫ್ರೇಮಿಗೆ 33 ಮಿಲಿಸೆಕೆಂಡ್, ಮೈಕಿಗೆ `Sync Offset` 66 ಕೊಟ್ಟೆ. ನಿಬ್ಬು ಕಾಗದವನ್ನು ಕೆರೆಯುವ ಸದ್ದು ಈಗ ಗೆರೆಯ ಜೊತೆಗೇ ಬರುತ್ತದೆ.

ಆಗಸ್ಟ್

ಮಳೆ ಜೋರಾಗಿದ್ದ ಶನಿವಾರ 52ನೇ ನಿಮಿಷಕ್ಕೆ ಕರೆಂಟು ಹೋಯಿತು. ಲೈವ್ ಕಡಿಯಿತು. ರೆಕಾರ್ಡಿಂಗ್ ಎಂಕೆವಿ ಫೈಲಿನಲ್ಲಿ ಇದ್ದದ್ದರಿಂದ ಕರೆಂಟು ಹೋಗುವ ಕ್ಷಣದವರೆಗೆ ಬರೆದದ್ದೆಲ್ಲ ಉಳಿದಿತ್ತು. ಸಾಮಾನ್ಯ ಎಂಪಿ4 ಆಗಿದ್ದರೆ ಕೊನೆಯಲ್ಲಿ ಬರೆಯಬೇಕಾದ ಸೂಚಿ ಬೀಳದೆ ಫೈಲ್ ತೆರೆಯುತ್ತಲೇ ಇರಲಿಲ್ಲ. ಮರುದಿನ ಓಬಿಎಸ್‌ನ `Remux Recordings` ನಲ್ಲಿ ಎಂಪಿ4 ಮಾಡಿಕೊಂಡೆ. ಮತ್ತೆ ಎನ್‌ಕೋಡ್ ಆಗದೆ ವಿಡಿಯೊ ಇಟ್ಟ ಡಬ್ಬಿ ಮಾತ್ರ ಬದಲಾಗುವುದರಿಂದ ಬೇಗ ಮುಗಿಯಿತು.

ಈ ವಾರ ಪಿಸಿಗೂ ರೂಟರಿಗೂ ಸೇರಿ ಯುಪಿಎಸ್ ಎಷ್ಟು ದೊಡ್ಡದು ಬೇಕು ಎಂದು ಲೆಕ್ಕ ಹಾಕುತ್ತಿದ್ದೇನೆ. ಪ್ಲಗ್ಗಿಗೆ ವ್ಯಾಟ್ ಮೀಟರ್ ಹಾಕಿದ್ದೇನೆ, ಶನಿವಾರದ ಪಾಠ ಮುಗಿದ ಮೇಲೆ ಅಂಕಿ ಸಿಗುತ್ತದೆ.