ಹದಿನೆಂಟು ಸೊನ್ನೆಗಳು

12 ಆಗಸ್ಟ್ 2024, ಸೋಮವಾರ

ಈ ವಾರದ ಲ್ಯಾಬ್‌ಗೆ ಆರಿಸಿಕೊಂಡಿರುವುದು 1956ರ ಒಂದು ಹಳೆಯ ಲೆಕ್ಕ. ಬಾಯ್ಡ್ ಮತ್ತು ಮಾರ್ಟಿನ್ ಬೆಕ್ಕಿನ ಸ್ನಾಯುವೊಂದಕ್ಕೆ ಹೋಗುವ ನರವನ್ನು 198 ಸಲ ಪ್ರಚೋದಿಸಿದರು. ಪ್ರತಿ ಸಲವೂ ನರದಲ್ಲಿ ಆಕ್ಷನ್ ಪೊಟೆನ್ಶಿಯಲ್ ಎಂಬ ವಿದ್ಯುತ್ ಅಲೆ ಹರಿಯಿತು. ಆದರೆ 18 ಸಲ ಸ್ನಾಯುವಿನ ಕಡೆ ಏನೂ ಕಾಣಲಿಲ್ಲ. ಉಳಿದ ಸಲ ಕಂಡದ್ದೂ ಒಂದೇ ಅಳತೆಯದಲ್ಲ. ಒಮ್ಮೆ ಸುಮಾರು 0.4 ಮಿಲಿವೋಲ್ಟ್, ಇನ್ನೊಮ್ಮೆ 0.8, ಮತ್ತೊಮ್ಮೆ 1.2ರ ಆಸುಪಾಸು.

ಆಕ್ಷನ್ ಪೊಟೆನ್ಶಿಯಲ್ ಬಂದರೆ ಪೂರ್ತಿ ಬರುತ್ತದೆ, ಇಲ್ಲವಾದರೆ ಇಲ್ಲವೇ ಇಲ್ಲ ಎಂದು ಪಿಯುಸಿಯಿಂದಲೇ ಓದಿರುತ್ತೇವೆ. ಹಾಗಿದ್ದಮೇಲೆ ಅದರ ಫಲ ಮಾತ್ರ ಯಾಕೆ ಸಲಕ್ಕೊಂದು ರೀತಿ? ಇವತ್ತಿನ ಟಿಪ್ಪಣಿ ಅಷ್ಟಕ್ಕೇ.

ಮೊದಲು ನರದ ತುದಿಯಲ್ಲಿ ಆಗುವುದನ್ನು ನಿಧಾನವಾಗಿ ನೋಡೋಣ. ಪೊರೆಯ ವೋಲ್ಟೇಜು ಸುಮಾರು −70 ಮಿಲಿವೋಲ್ಟಿನಿಂದ ಏರುತ್ತ −50ರ ಹತ್ತಿರ ಬಂದಾಗ ಸೋಡಿಯಂ ಚಾನೆಲ್‌ಗಳು ಸರಸರನೆ ತೆರೆಯುತ್ತವೆ. ಒಳಗೆ ಬಂದ ಸೋಡಿಯಂ ವೋಲ್ಟೇಜನ್ನು ಇನ್ನಷ್ಟು ಏರಿಸುತ್ತದೆ, ಏರಿದ ವೋಲ್ಟೇಜು ಇನ್ನಷ್ಟು ಚಾನೆಲ್‌ಗಳನ್ನು ತೆರೆಯುತ್ತದೆ. ಒಂದು ಮಿಲಿಸೆಕೆಂಡಿನೊಳಗೆ ವೋಲ್ಟೇಜು ಸೊನ್ನೆ ದಾಟಿ +30, +40ಕ್ಕೆ ಮುಟ್ಟುತ್ತದೆ. ಅಷ್ಟರಲ್ಲಿ ಸೋಡಿಯಂ ಚಾನೆಲ್‌ಗಳು ತಾವಾಗಿಯೇ ಅಡ್ಡಬಿರಡೆ ಹಾಕಿಕೊಳ್ಳುತ್ತವೆ. ತಡವಾಗಿ ತೆರೆದ ಪೊಟ್ಯಾಸಿಯಂ ಚಾನೆಲ್‌ಗಳು ವೋಲ್ಟೇಜನ್ನು ಕೆಳಕ್ಕೆ ಎಳೆಯುತ್ತವೆ. ಇದು ಎಲ್ಲರಿಗೂ ಗೊತ್ತಿರುವ ಭಾಗ.

ಹೆಚ್ಚಿನವರು ಮುಗ್ಗರಿಸುವುದು ಕ್ಯಾಲ್ಸಿಯಂ ವಿಷಯದಲ್ಲಿ. ನರತುದಿಯ ಕ್ಯಾಲ್ಸಿಯಂ ಚಾನೆಲ್‌ಗಳೂ ವೋಲ್ಟೇಜಿಗೆ ತೆರೆಯುವಂಥವೇ, ಆದರೆ ಸೋಡಿಯಂ ಚಾನೆಲ್‌ಗಿಂತ ಸೋಮಾರಿ. ವೋಲ್ಟೇಜು ತುತ್ತತುದಿಗೆ ಹೋದ ಗಳಿಗೆಯಲ್ಲಿ ಅವು ಇನ್ನೂ ಪೂರ್ತಿ ತೆರೆದಿರುವುದಿಲ್ಲ. ತೆರೆದಿದ್ದವುಗಳಲ್ಲೂ ಹರಿವು ಕಡಿಮೆ, ಏಕೆಂದರೆ ಒಳಗಡೆ ಧನವಾಗಿರುವಾಗ ಧನ ಆವೇಶದ ಕ್ಯಾಲ್ಸಿಯಂಗೆ ಒಳಕ್ಕೆ ಸೆಳೆತ ಅಷ್ಟಾಗಿ ಇರುವುದಿಲ್ಲ. ವೋಲ್ಟೇಜು ಇಳಿಯತೊಡಗಿದಾಗ ಚಾನೆಲ್‌ಗಳು ತೆರೆದೇ ಇರುತ್ತವೆ, ಸೆಳೆತ ಜೋರಾಗುತ್ತದೆ. ಆಗ ಕ್ಯಾಲ್ಸಿಯಂ ಒಳನುಗ್ಗುತ್ತದೆ. ಎಂದರೆ ಅಲೆಯ ಏರಿನಲ್ಲಲ್ಲ, ಇಳಿವಿನಲ್ಲಿ. ಕಪ್ಪೆಯ ರಿಂಗರ್ ದ್ರಾವಣದಲ್ಲಿ ಹೊರಗೆ 1.8 ಮಿಲಿಮೋಲಾರ್ ಕ್ಯಾಲ್ಸಿಯಂ ಇದ್ದರೆ ನರತುದಿಯ ಒಳಗೆ ಅದರ ಹತ್ತು ಸಾವಿರದಲ್ಲೊಂದು ಪಾಲಿಗಿಂತಲೂ ಕಡಿಮೆ. ಬಾಗಿಲು ತೆರೆದರೆ ಸಾಕು, ತಳ್ಳುವ ಕೆಲಸವೇ ಇಲ್ಲ.

ಪೊಟ್ಯಾಸಿಯಂ ಚಾನೆಲ್‌ಗಳನ್ನು 4-ಅಮಿನೊಪಿರಿಡಿನ್ ಹಾಕಿ ಕಟ್ಟಿದರೆ ಅಲೆಯ ಇಳಿವು ನಿಧಾನವಾಗುತ್ತದೆ, ಅಲೆಯ ಎತ್ತರ ಅಷ್ಟೇ ಇರುತ್ತದೆ. ಆದರೂ ಸ್ನಾಯುವಿಗೆ ಸಂದೇಶ ಒಯ್ಯುವ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕದ ಬಿಡುಗಡೆ ಹಲವು ಪಟ್ಟು ಹೆಚ್ಚುತ್ತದೆ. ಬಿಡುಗಡೆಗೆ ಅಲೆಯ ಎತ್ತರಕ್ಕಿಂತ ಅಗಲ ಮುಖ್ಯ ಎನ್ನುವುದು ಇಲ್ಲೇ ಕಾಣುತ್ತದೆ.

ಒಳಬಂದ ಕ್ಯಾಲ್ಸಿಯಂ ದೂರ ಹೋಗಬೇಕಾಗಿಲ್ಲ. ಆ ರಾಸಾಯನಿಕ ತುಂಬಿದ ವೆಸಿಕಲ್ ಎಂಬ ಗುಳ್ಳೆಗಳು ಚಾನೆಲ್‌ಗಳ ಪಕ್ಕದಲ್ಲೇ ಪೊರೆಗೆ ಆತುಕೊಂಡಿರುತ್ತವೆ. ವೆಸಿಕಲ್ ಕಡೆಯ ಸಿನಾಪ್ಟೊಬ್ರೆವಿನ್, ಪೊರೆಯ ಕಡೆಯ ಸಿಂಟಾಕ್ಸಿನ್ ಮತ್ತು ಸ್ನ್ಯಾಪ್-25, ಈ ಮೂರೂ ಜಡೆಯಂತೆ ಹೆಣೆದುಕೊಂಡು ಎರಡು ಪೊರೆಗಳನ್ನು ಹತ್ತಿರಕ್ಕೆ ಎಳೆದಿರುತ್ತವೆ. ಕ್ಯಾಲ್ಸಿಯಂ ಬಂದದ್ದನ್ನು ಗುರುತಿಸುವುದು ಸಿನಾಪ್ಟೊಟ್ಯಾಗ್ಮಿನ್. ಅದಕ್ಕೆ ಒಂದು ಕ್ಯಾಲ್ಸಿಯಂ ಅಯಾನು ಸಾಲದು, ಹಲವು ಒಟ್ಟಿಗೆ ಕೂರಬೇಕು. ಹಾಗಾಗಿಯೇ ಕ್ಯಾಲ್ಸಿಯಂ ಕಡಿಮೆ ಇರುವ ವ್ಯಾಪ್ತಿಯಲ್ಲಿ ಬಿಡುಗಡೆ ಅದರ ನಾಲ್ಕನೇ ಘಾತದಂತೆ ನಡೆದುಕೊಳ್ಳುತ್ತದೆ. ಕ್ಯಾಲ್ಸಿಯಂ ಅರ್ಧಕ್ಕಿಳಿದರೆ ಬಿಡುಗಡೆ ಅರ್ಧಕ್ಕಲ್ಲ, ಹೆಚ್ಚುಕಡಿಮೆ ಹದಿನಾರರಲ್ಲೊಂದಕ್ಕೆ ಇಳಿಯುತ್ತದೆ. ಕಪ್ಪೆಯ ಸ್ನಾಯುವಿನಲ್ಲಿ ಇದನ್ನು 1967ರಲ್ಲಿ ಡಾಡ್ಜ್ ಮತ್ತು ರಹಮಿಮೋಫ್ ಅಳೆದು ತೋರಿಸಿದರು.

ಈಗ ಸೊನ್ನೆಗಳಿಗೆ ಬರೋಣ. ನರವನ್ನು ಮುಟ್ಟದೆ ಸುಮ್ಮನಿದ್ದರೂ, ನರ ಬಂದು ಸ್ನಾಯುವನ್ನು ಸೇರುವ ಜಾಗವಾದ ಎಂಡ್‌ಪ್ಲೇಟಿನಲ್ಲಿ ಆಗಾಗ ಅರ್ಧ ಮಿಲಿವೋಲ್ಟಿನಷ್ಟು ಸಣ್ಣ ಮಿಡಿತಗಳು ಏಳುತ್ತಿರುತ್ತವೆ ಎಂದು 1952ರಲ್ಲಿ ಫ್ಯಾಟ್ ಮತ್ತು ಕಾಟ್ಜ್ ವಿವರವಾಗಿ ಬರೆದರು. ಲ್ಯಾಬ್‌ನಲ್ಲಿ ಎಲ್ಲರೂ ಇವನ್ನು ಮಿನಿ ಎನ್ನುತ್ತಾರೆ. ಒಂದು ಮಿನಿ ಎಂದರೆ ಒಂದು ವೆಸಿಕಲ್, ಅದರಲ್ಲಿ ಕೆಲವು ಸಾವಿರ ಅಸಿಟೈಲ್‌ಕೋಲಿನ್ ಅಣುಗಳು. ಇದನ್ನು ಒಂದು ಪೊಟ್ಟಣ ಎಂದುಕೊಳ್ಳಿ. ನರ ಮಿಡಿದಾಗ ಬರುವುದೂ ಇದೇ ಪೊಟ್ಟಣಗಳು, ಇಡಿ ಇಡಿಯಾಗಿ. ಅರ್ಧ ಪೊಟ್ಟಣ ಬರುವುದಿಲ್ಲ.

ಸಾಮಾನ್ಯ ಸ್ಥಿತಿಯಲ್ಲಿ ಕಪ್ಪೆಯ ನರತುದಿ ಒಂದು ಮಿಡಿತಕ್ಕೆ ನೂರಕ್ಕೂ ಹೆಚ್ಚು ಪೊಟ್ಟಣ ಸುರಿಯುತ್ತದೆ. ಆ ರಾಶಿಯಲ್ಲಿ ಒಂದೊಂದನ್ನು ಎಣಿಸಲು ಆಗದು. ಜೊತೆಗೆ ಸ್ನಾಯು ಸೆಟೆದು ಎಲೆಕ್ಟ್ರೋಡನ್ನೇ ಕಿತ್ತು ಹಾಕುತ್ತದೆ. ಆದ್ದರಿಂದ ದ್ರಾವಣದಲ್ಲಿ ಕ್ಯಾಲ್ಸಿಯಂ ಇಳಿಸಿ ಮೆಗ್ನೀಸಿಯಂ ಏರಿಸುತ್ತಾರೆ. ಮೆಗ್ನೀಸಿಯಂ ಕ್ಯಾಲ್ಸಿಯಂನ ದಾರಿಗೆ ಅಡ್ಡ ನಿಲ್ಲುತ್ತದೆ. ಅದಕ್ಕೆ ಇನ್ನೊಂದು ಕೆಲಸವೂ ಇದೆ. ಕ್ಯಾಲ್ಸಿಯಂ ಒಂದನ್ನೇ ಇಳಿಸಿದರೆ ನರ ಅತಿ ಉದ್ರೇಕಗೊಂಡು ತಾನಾಗಿಯೇ ಮಿಡಿಯತೊಡಗುತ್ತದೆ, ಮೆಗ್ನೀಸಿಯಂ ಅದನ್ನು ತಡೆಯುತ್ತದೆ. ಹೀಗೆ ಒಂದೊಂದು ಪೊಟ್ಟಣ ಹೊರಬೀಳುವ ಸಂಭವ ತೀರಾ ಸಣ್ಣದಾದರೆ ಲೆಕ್ಕ ಪಾಯ್ಸಾನ್ ಸೂತ್ರಕ್ಕೆ ಒಗ್ಗುತ್ತದೆ. ಈ ದಾರಿಯನ್ನು 1954ರಲ್ಲಿ ಡೆಲ್ ಕ್ಯಾಸ್ಟಿಲೋ ಮತ್ತು ಕಾಟ್ಜ್ ಹಾಕಿಕೊಟ್ಟಿದ್ದರು.

ಒಂದು ಮಿಡಿತಕ್ಕೆ ಸರಾಸರಿ ಎಷ್ಟು ಪೊಟ್ಟಣ ಎಂಬುದೇ m. ಅದನ್ನು ಕಂಡುಹಿಡಿಯಲು ಒಂದಕ್ಕೊಂದು ಸಂಬಂಧವಿಲ್ಲದ ಎರಡು ದಾರಿಗಳಿವೆ. ನೇರ ದಾರಿಯಲ್ಲಿ, ನರ ಮಿಡಿದಾಗಿನ ಸರಾಸರಿ ಉತ್ತರವನ್ನು ಸರಾಸರಿ ಮಿನಿಯಿಂದ ಭಾಗಿಸುವುದು. ಬೆಕ್ಕಿನ ಪ್ರಯೋಗದಲ್ಲಿ ಇವು 0.933 ಮತ್ತು 0.4 ಮಿಲಿವೋಲ್ಟ್, ಅಲ್ಲಿಗೆ m 2.33. ಇನ್ನೊಂದು ದಾರಿಯಲ್ಲಿ ಅಳತೆಪಟ್ಟಿಯೇ ಬೇಡ, ಸೊನ್ನೆಗಳನ್ನು ಎಣಿಸಿದರೆ ಸಾಕು: m = ln(N/N0). 198ರಲ್ಲಿ 18 ಎಂದರೆ ln 11, ಅಂದರೆ 2.40. ಎರಡೂ ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತವು. ಪೊಟ್ಟಣದ ಮಾತನ್ನು ನಂಬಲು ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ಚಂದವೇ, ಆದರೆ ಅವು ಗುಳ್ಳೆಗಳಿವೆ ಎನ್ನುತ್ತವೆ, ಎಣಿಸಿ ಕೊಡುವುದಿಲ್ಲ.

ವಿದ್ಯಾರ್ಥಿಗಳು ಕೈಯಾರೆ ಮಾಡಿ ನೋಡಲು ಇಷ್ಟು ಸಾಕು:

```python
from math import exp, log, factorial
N, N0 = 198, 18
m = 0.933 / 0.4
print(m, log(N / N0))
for x in range(5):
    print(x, round(N * exp(-m) * m**x / factorial(x)))
```

ಸೊನ್ನೆಗೆ 19, ಒಂದು ಪೊಟ್ಟಣಕ್ಕೆ 45, ಎರಡಕ್ಕೆ 52, ಮೂರಕ್ಕೆ 41, ನಾಲ್ಕಕ್ಕೆ 24 ಎಂದು ಬರುತ್ತದೆ. ಸೂತ್ರ 19 ಸೊನ್ನೆ ಎಂದಿತು, ಬೆಕ್ಕು 18 ಕೊಟ್ಟಿತು.

ಇನ್ನು ಕೆಡುವ ಬಗೆ. ಎಲ್ಲಕ್ಕಿಂತ ಮೋಸದ್ದು ಸುಳ್ಳು ಸೊನ್ನೆ. ಪ್ರಚೋದನೆ ಕೊಡುವ ತಂತಿ ನರದಿಂದ ಸ್ವಲ್ಪ ಜಾರಿದರೆ, ಅಥವಾ ವೋಲ್ಟೇಜು ಹೊಸ್ತಿಲಿನ ಹತ್ತಿರವೇ ಇದ್ದರೆ, ಕೆಲವು ಸಲ ಆಕ್ಷನ್ ಪೊಟೆನ್ಶಿಯಲ್ಲೇ ಹುಟ್ಟುವುದಿಲ್ಲ. ಪರದೆಯಲ್ಲಿ ಅದೂ ಸೊನ್ನೆಯೇ. ಮೇಲಿನ ಪ್ರಯೋಗದಲ್ಲೇ 20 ಸಲ ನರ ಕೈಕೊಟ್ಟಿತ್ತು ಎಂದುಕೊಳ್ಳಿ. ಉಳಿದ 178ರಲ್ಲಿ ನಿಜವಾದ ಸೊನ್ನೆ 16ರಷ್ಟು, ಅದಕ್ಕೆ 20 ಸೇರಿ 36. ಆಗ ಸೊನ್ನೆ ಎಣಿಸಿದರೆ m 1.70, ನೇರ ದಾರಿಯಲ್ಲಿ 2.10. ಎರಡೂ ಇಳಿದವು, ಆದರೆ ಸಮನಾಗಿ ಇಳಿಯಲಿಲ್ಲ. ಸೊನ್ನೆಯ ಲೆಕ್ಕ ನೇರ ಲೆಕ್ಕಕ್ಕಿಂತ ಇಷ್ಟು ಕೆಳಗೆ ಬಂದರೆ ಮೊದಲು ಅನುಮಾನಿಸಬೇಕಾದ್ದು ಪ್ರಚೋದನೆಯನ್ನು. ಇನ್ನೊಂದು ಗುರುತೂ ಇದೆ. ನಿಜವಾದ ಸೊನ್ನೆಗಳು ಅಲ್ಲೊಂದು ಇಲ್ಲೊಂದು ಚೆಲ್ಲಿರುತ್ತವೆ. ತಂತಿ ಜಾರಿದ್ದರೆ ಸಾಲಾಗಿ ನಾಲ್ಕೈದು ಬರುತ್ತವೆ. ಪ್ರಚೋದನೆಯನ್ನು ಹೊಸ್ತಿಲಿನ ಒಂದೂವರೆ, ಎರಡು ಪಟ್ಟಿಗೆ ಇಟ್ಟರೆ ಈ ತೊಂದರೆ ಮುಕ್ಕಾಲು ಪಾಲು ಹೋಗುತ್ತದೆ.

ಮಿನಿಗಳ ಕಡೆಯೂ ಎಡವಬಹುದು. ಎಲೆಕ್ಟ್ರೋಡು ಎಂಡ್‌ಪ್ಲೇಟಿನಿಂದ ದೂರ ಚುಚ್ಚಿದ್ದರೆ ಮಿನಿ ಗಿಡ್ಡವಾಗಿ, ಏರಲು ತಡವಾಗಿ ಕಾಣುತ್ತದೆ. ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಚೂಪಾಗಿ ಏರದಿದ್ದರೆ ಬೇರೆ ಜಾಗ ಹುಡುಕುವುದೇ ವಾಸಿ. ಗಿಡ್ಡ ಮಿನಿಗಳು ಗದ್ದಲದಲ್ಲಿ ಮುಳುಗಿ, ದೊಡ್ಡವನ್ನು ಮಾತ್ರ ಎಣಿಸಿದರೆ ಸರಾಸರಿ ಮಿನಿ ಇದ್ದದ್ದಕ್ಕಿಂತ ದೊಡ್ಡದೆನಿಸುತ್ತದೆ, ಭಾಗಿಸಿದಾಗ m ಚಿಕ್ಕದಾಗುತ್ತದೆ. ಆಗ ಸೊನ್ನೆಯ ಲೆಕ್ಕ ನೇರ ಲೆಕ್ಕಕ್ಕಿಂತ ಮೇಲೆ ನಿಲ್ಲುತ್ತದೆ, ಹಿಂದಿನದಕ್ಕೆ ತದ್ವಿರುದ್ಧ.

ಕ್ಯಾಲ್ಸಿಯಂ ಹೆಚ್ಚಿದ್ದಾಗ ಎರಡೂ ದಾರಿ ಸೋಲುತ್ತವೆ. m ನಾಲ್ಕೈದು ದಾಟಿದರೆ ಸೊನ್ನೆಗಳೇ ಸಿಗುವುದಿಲ್ಲ. ನೇರ ದಾರಿಯಲ್ಲಿ ಪೊಟ್ಟಣಗಳು ಸರಿಯಾಗಿ ಕೂಡುವುದಿಲ್ಲ, ಏಕೆಂದರೆ ವೋಲ್ಟೇಜು ಏರಿದಷ್ಟೂ ಮುಂದಿನ ಪೊಟ್ಟಣಕ್ಕೆ ಸಿಗುವ ಸೆಳೆತ ಕಡಿಮೆ. ಸ್ನಾಯು −90ರಲ್ಲಿದ್ದು ಹರಿವು ನಿಲ್ಲುವ ಮಟ್ಟ −10 ಎಂದಾದರೆ ಒಟ್ಟು ಸೆಳೆತ 80 ಮಿಲಿವೋಲ್ಟ್. 40 ಮಿಲಿವೋಲ್ಟಿನ ಉತ್ತರ ಬಂದಾಗ ಅರ್ಧ ಸೆಳೆತ ಆಗಲೇ ಖರ್ಚಾಗಿರುತ್ತದೆ. ಉತ್ತರ v, ಒಟ್ಟು ಸೆಳೆತ E ಎಂದಿಟ್ಟುಕೊಂಡು v/(1 − v/E) ಎಂದು ತಿದ್ದಿದರೆ ಆ 40 ನಿಜಕ್ಕೂ 80ರ ಬೆಲೆಯದು. ಒಂದು ಮಿಲಿವೋಲ್ಟಿನ ಉತ್ತರಕ್ಕೆ ಈ ತಿದ್ದುಪಡಿ ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಬೆಕ್ಕಿನ ಅಂಕಿಗಳನ್ನು ತಿದ್ದದೆ ಬಳಸಬಹುದು.

ಮಳೆಗಾಲವಾದ್ದರಿಂದ ಇದನ್ನೂ ಬರೆದಿಡುತ್ತೇನೆ. ಪೊಟ್ಟಣದ ಸಂಖ್ಯೆ, ಪೊಟ್ಟಣದ ಫಲ ಎಂಬ ಎರಡು ಅಂಕಿಗಳನ್ನು ನಮ್ಮ ಹೊಲಗದ್ದೆಗಳ ಎರಡು ಹಾವುಗಳು ಬೇರೆ ಬೇರೆಯಾಗಿ ಕೆಡಿಸುತ್ತವೆ. ನಾಗರಹಾವಿನ ನರವಿಷ ಸ್ನಾಯುವಿನ ಕಡೆಯ ಗ್ರಾಹಕಗಳ ಮೇಲೆ ಕೂರುತ್ತದೆ. ನರ ಪೊಟ್ಟಣಗಳನ್ನು ಬಿಡುತ್ತಲೇ ಇರುತ್ತದೆ, ಪ್ರತಿಯೊಂದರ ಫಲ ಕುಗ್ಗುತ್ತದೆ. ಅಲ್ಲಿ ನಿಯೊಸ್ಟಿಗ್ಮಿನ್ ಕೊಟ್ಟು ಅಸಿಟೈಲ್‌ಕೋಲಿನ್ ಬೇಗ ಒಡೆಯದಂತೆ ಮಾಡಿದರೆ ಕೆಲವು ರೋಗಿಗಳ ಬಿದ್ದ ರೆಪ್ಪೆ ಮೇಲೇಳುತ್ತದೆ. ಕಟ್ಟುಹಾವಿನ ವಿಷದಲ್ಲಿ ಅಂಥ ಭಾಗ ಇದ್ದರೂ, ಮುಖ್ಯ ಹಾನಿ ಮಾಡುವುದು ನರತುದಿಯ ಪೊರೆಯನ್ನೇ ಕತ್ತರಿಸುವ ಫಾಸ್ಫೊಲೈಪೇಸ್. ವೆಸಿಕಲ್‌ಗಳು ಖಾಲಿಯಾಗುತ್ತವೆ, ತುದಿಯೇ ಹಾಳಾಗುತ್ತದೆ, m ಸೊನ್ನೆಯ ಕಡೆ ಜಾರುತ್ತದೆ. ಬಿಡುಗಡೆಯೇ ಇಲ್ಲದ ಕಡೆ ಅಸಿಟೈಲ್‌ಕೋಲಿನ್ ಉಳಿಸುವ ಔಷಧಿಗೆ ಉಳಿಸಲು ಏನೂ ಇರುವುದಿಲ್ಲ. ವಿಷನಿರೋಧಕವನ್ನು ಬೇಗ ಕೊಟ್ಟರೆ ರಕ್ತದಲ್ಲಿ ಉಳಿದಿರುವ ವಿಷವನ್ನು ಹಿಡಿಯುತ್ತದೆ, ಆಗಲೇ ಹಾಳಾದ ತುದಿಯನ್ನು ರಿಪೇರಿ ಮಾಡುವುದಿಲ್ಲ. ಹೊಸ ತುದಿ ಬೆಳೆಯುವ ತನಕ ರೋಗಿಯನ್ನು ದಿನಗಟ್ಟಲೆ ವೆಂಟಿಲೇಟರಿನಲ್ಲಿ ಇಡಬೇಕಾಗಿ ಬರುವುದು ಇದಕ್ಕೇ.