ಡೈ ಹೌಸಿನ ಹೈಪೋ, ಟ್ಯಾನರಿಯ ಹಳದಿ ನೀರು

ಚರ್ಮ ಹದ ಮಾಡುವ ಟ್ಯಾನರಿಯ ಇಟಿಪಿಯಲ್ಲಿ, ಅಂದರೆ ಕೊಳೆ ನೀರು ಶುದ್ಧ ಮಾಡುವ ಘಟಕದಲ್ಲಿ, ಬಣ್ಣ ತೆಗೆಯೋಕೆ ಹೈಪೋ ಬ್ಲೀಚ್ ಹಾಕೋಣ ಅಂತ ಯಾರಾದರೂ ಅಂದರೆ ಈಗಲೂ ನನ್ನ ಕಿವಿ ಬಿಸಿಯಾಗುತ್ತದೆ. ಆ ಐಡಿಯಾವನ್ನು ಒಂದು ಟ್ಯಾನರಿಗೆ ಹೊತ್ತುಕೊಂಡು ಹೋದವನು ನಾನೇ.

ಅದಕ್ಕೆ ಮುಂಚೆ ದೊಡ್ಡಬಳ್ಳಾಪುರದ ಕಡೆ ಒಂದು ಡೈ ಹೌಸಿನಲ್ಲಿದ್ದೆ. ಹತ್ತಿ ಬಟ್ಟೆ, ರಿಯಾಕ್ಟಿವ್ ಡೈ. ಬಟ್ಟೆಗೆ ಹಿಡಿಯದೆ ಉಳಿದ ಡೈ ನೀರಿನ ಜೊತೆಗೇ ಸೇರಿಕೊಂಡು ಹೈಡ್ರೊಲೈಸ್ ಆಗಿಬಿಡುತ್ತದೆ. ಆಮೇಲೆ ಅದನ್ನು ಬಟ್ಟೆಗೆ ಹತ್ತಿಸೋಕೂ ಆಗಲ್ಲ, ಲೈಮ್ ಮತ್ತು ಆಲಂ ಹಾಕಿ ಪೂರ್ತಿ ಕೂರಿಸೋಕೂ ಆಗಲ್ಲ. ಹಾಗಾಗಿ ಕೊನೆಯಲ್ಲಿ ಹೈಪೋ, ಅಂದರೆ ಸೋಡಿಯಂ ಹೈಪೋಕ್ಲೋರೈಟ್, ಬಿಡುತ್ತಿದ್ದೆವು. ನೀರು ತಿಳಿಯಾಗುತ್ತಿತ್ತು, ಎಲ್ಲರೂ ಖುಷಿ. ಅದು ಒಳ್ಳೆಯ ಪದ್ಧತಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ನಡೆಯುತ್ತಿತ್ತು, ಅಷ್ಟೇ.

ಆಮೇಲೆ ತಮಿಳುನಾಡಿನ ವಾಣಿಯಂಬಾಡಿ ಕಡೆಯ ಒಂದು ಟ್ಯಾನರಿಗೆ ಬಂದೆ. ಅಲ್ಲಿ ಟ್ಯಾನಿಂಗ್ ಡ್ರಮ್ಮಿನ ಗಟ್ಟಿ ಕ್ರೋಮ್ ಲಿಕರ್ ಬೇರೆ ಪೈಪಿನಲ್ಲಿ, ಕ್ರೋಮ್ ವಾಪಸ್ ತೆಗೆಯುವ ಘಟಕವಾದ ಸಿಆರ್‌ಯುಗೆ ಹೋಗುತ್ತಿತ್ತು. ಮ್ಯಾಗ್ನೀಷಿಯಂ ಆಕ್ಸೈಡ್ ಹಾಕಿ ಕೂರಿಸಿ, ಸಲ್ಫ್ಯೂರಿಕ್ ಆಸಿಡ್‌ನಲ್ಲಿ ಕರಗಿಸಿ ಮತ್ತೆ ಡ್ರಮ್ಮಿಗೇ ಬಳಸುತ್ತಿದ್ದರು. ಆದರೆ ಚರ್ಮ ಹಿಂಡಿ ತೆಗೆದ ಸ್ಯಾಮಿಯಿಂಗ್ ನೀರು, ರೀಟ್ಯಾನಿಂಗ್ ನೀರು, ಡೈ ಡ್ರಮ್ಮಿನ ನೀರು ಎಲ್ಲ ಇಟಿಪಿಗೇ. ಅದರಲ್ಲೂ ಕ್ರೋಮ್ ಇದ್ದೇ ಇರುತ್ತದೆ. ಲೈಮ್ ಹಾಕಿ ಪಿಎಚ್ 8.5ರ ಹತ್ತಿರ ಇಟ್ಟರೆ ಕ್ರೋಮಿಯಂ ಹೈಡ್ರಾಕ್ಸೈಡ್ ಆಗಿ ಸ್ಲಡ್ಜಿನಲ್ಲಿ ಕೂರುತ್ತದೆ. ಇದು ಟ್ರೈವೇಲೆಂಟ್ ಕ್ರೋಮ್. ಸ್ಲಡ್ಜಿನಲ್ಲಿ ಸುಮ್ನೆ ಬಿದ್ದಿರುವವರೆಗೂ ಹೆಚ್ಚು ತಂಟೆ ಇಲ್ಲ.

ತಂಟೆ ಬಂದಿದ್ದು ಬಣ್ಣದಿಂದ. ಸ್ಲಡ್ಜ್ ಕೂರಿಸುವ ಕ್ಲಾರಿಫೈಯರ್ ದಾಟಿದ ನೀರು ಕಂದು, ಒಮ್ಮೊಮ್ಮೆ ಕೆಂಪು. ಸುತ್ತಲಿನ ಟ್ಯಾನರಿಗಳ ನೀರೆಲ್ಲ ಸೇರುವ ಕಾಮನ್ ಪ್ಲಾಂಟಿನವರು ದೂರುತ್ತಿದ್ದರು. ಹೈಪೋ ಹಾಕೋಣ ಅಂದೆ. ಕ್ಲಾರಿಫೈಯರ್ ಆದಮೇಲೆ ಒಂದು ಕಾಂಟ್ಯಾಕ್ಟ್ ಟ್ಯಾಂಕ್ ಬೇಕು ಅಂತ ಬರೆದು ಕೊಟ್ಟೆ. ಟ್ಯಾಂಕಿಗೆ ದುಡ್ಡಿಲ್ಲ, ಇರೋದರಲ್ಲೇ ಮಾಡಿ ಅಂದರು. ಇರೋದು ಅಂದರೆ ಕ್ಲಾರಿಫೈಯರಿಗೂ ಮುಂಚೆ ಲೈಮ್ ಕಲಕುವ ಫ್ಲ್ಯಾಶ್ ಮಿಕ್ಸರ್. ಲೈಮ್ ಲೈನಿನ ಪಕ್ಕದಲ್ಲೇ ಹೈಪೋ ಲೈನ್ ಕೊಟ್ಟೆವು. ಅಂದರೆ ಹೊಸದಾಗಿ ಹುಟ್ಟುತ್ತಿರುವ ಕ್ರೋಮ್ ಫ್ಲಾಕ್, ಕ್ಷಾರದ ನೀರು, ಹೈಪೋ, ಮೂರೂ ಒಂದೇ ತೊಟ್ಟಿಯಲ್ಲಿ. ಕೆಮಿಸ್ಟ್ರಿ ಓದಿದವನಿಗೆ ಇಷ್ಟರಲ್ಲೇ ಬೆವರು ಬರಬೇಕಿತ್ತು. ನನಗೆ ಬರಲಿಲ್ಲ.

ಮೊದಮೊದಲು ಏನೂ ಆಗಲಿಲ್ಲ. ಅದೇ ನಮ್ಮನ್ನು ಹಾಳು ಮಾಡಿದ್ದು. ಟ್ಯಾನರಿ ನೀರಿನಲ್ಲಿ ಅಮೋನಿಯ, ಟ್ಯಾನಿನ್, ಕೊಬ್ಬು ಎಲ್ಲ ಇರುತ್ತದಲ್ಲ, ಸ್ವಲ್ಪ ಹೈಪೋ ಹಾಕಿದರೆ ಅವೇ ತಿಂದು ಮುಗಿಸುತ್ತವೆ. ಕ್ರೋಮಿನ ತನಕ ಅದು ತಲುಪುವುದೇ ಇಲ್ಲ. ಬಣ್ಣ ಸ್ವಲ್ಪ ತಗ್ಗಿತು. ಆಫೀಸಿನಿಂದ ಫೋನ್ ಬಂತು, ಇನ್ನೂ ಸ್ವಲ್ಪ ತಗ್ಗಿಸಿ ಅಂತ. ಡೋಸಿಂಗ್ ಪಂಪಿನ ಸ್ಟ್ರೋಕ್ ಏರಿಸಿದೆ.

ಕಂದು ಹೋಯಿತು, ನಿಂಬೆ ಹಳದಿ ಬಂತು. ಆ ವಾರ ಡ್ರಮ್ಮಿನಲ್ಲಿ ಸಾಸಿವೆ ಬಣ್ಣದ ಆರ್ಡರ್ ಓಡುತ್ತಿತ್ತು. ಹಾಗಾಗಿ ಹಳದಿ ಡೈ ಅಂತ ನಾನು ತೀರ್ಮಾನ ಮಾಡಿಬಿಟ್ಟೆ. ಸ್ಟ್ರೋಕ್ ಮತ್ತೆ ಏರಿಸಿದೆ. ಸ್ಲಡ್ಜ್ ಹಿಂಡುವ ಫಿಲ್ಟರ್ ಪ್ರೆಸ್ಸಿನ ಆಪರೇಟರ್ ಅಣ್ಣ ಟ್ರೇ ತೋರಿಸಿ, ಇಲ್ಲೂ ಅದೇ ಬಣ್ಣ ಸುರಿತಿದೆ ಸಾರ್, ಅಂದರು. ಡೈ ಅಣ್ಣಾ, ಹೋಗುತ್ತೆ ಬಿಡಿ, ಅಂದೆ.

ಲ್ಯಾಬಿನ ಹುಡುಗಿ ಒಪ್ಪಲಿಲ್ಲ. "ಹೈಪೋ ಜಾಸ್ತಿ ಮಾಡಿದ ಹಾಗೆಲ್ಲ ಹಳದಿ ಜಾಸ್ತಿ ಆಗ್ತಿದೆ ಸಾರ್. ಡೈ ಆಗಿದ್ರೆ ಕಮ್ಮಿ ಆಗ್ಬೇಕಿತ್ತಲ್ವಾ?"

ಉತ್ತರ ಕೊಡೋಕೆ ಬಾಯಿ ತೆರೆದವನು ಹಾಗೇ ನಿಂತೆ. ಅವಳು ಒಂದು ಬೀಕರಿಗೆ ಕೆಲವು ಹನಿ ಆಸಿಡ್ ಬಿಟ್ಟು, ಮೆಟಾಬೈಸಲ್ಫೈಟ್ ಹಾಕಿ ಕಲಕಿದಳು. ಹಳದಿ ಮಾಯ. ನಮ್ಮ ಹಳದಿ ಡೈ ಮೆಟಾಬೈಗೆ ಹಾಗೆಲ್ಲ ಬಗ್ಗುವುದಿಲ್ಲ, ಕ್ರೋಮೇಟ್ ಬಗ್ಗುತ್ತದೆ. ಕ್ಷಾರದ ನೀರಿನಲ್ಲಿ ಹೈಪೋ ಟ್ರೈವೇಲೆಂಟ್ ಕ್ರೋಮನ್ನೇ ಆಕ್ಸಿಡೈಸ್ ಮಾಡಿ, ನೀರಿನಲ್ಲಿ ಕರಗುವ ವಿಷಕಾರಿ ಹೆಕ್ಸಾವೇಲೆಂಟ್ ಕ್ರೋಮ್ ಮಾಡಿಬಿಟ್ಟಿತ್ತು, ಹಳದಿ ಕ್ರೋಮೇಟ್ ಅಂದರೆ ಅದೇ. ಇನ್ನೊಂದು ಸ್ಯಾಂಪಲ್ ಫಿಲ್ಟರ್ ಮಾಡಿ, ಹೆಕ್ಸಾವೇಲೆಂಟ್ ಕ್ರೋಮ್ ಇದ್ದರೆ ನೇರಳೆಯಾಗುವ ಡೈಫಿನೈಲ್ ಕಾರ್ಬಜೈಡ್ ಹಾಕಿದಳು. ಟ್ಯೂಬ್ ಅಲ್ಲಾಡಿಸುವ ಮೊದಲೇ ನೇರಳೆ. ಡೈಲ್ಯೂಟ್ ಮಾಡಿ ಓದಿದರೆ ಹೆಕ್ಸಾವೇಲೆಂಟ್ ಕ್ರೋಮ್ 4 ಪಿಪಿಎಂ. ಹೊರಗೆ ಬಿಡುವ ನೀರಿಗೆ ಮಿತಿ 0.1.

ಹೋಲ್ಡಿಂಗ್ ಟ್ಯಾಂಕಿನ ಪಂಪ್ ಆಟೋದಲ್ಲಿತ್ತು. ಫ್ಲೋಟ್ ಒಂದಡಿ ಮೇಲೆ ಬಂದರೆ ಕಾಮನ್ ಪ್ಲಾಂಟಿಗೆ ಹೊರಡುತ್ತದೆ. ಓಡಿ ಪ್ಯಾನೆಲ್‌ನಲ್ಲಿ ಆಫ್ ಮಾಡಿದೆ, ಹೈಪೋ ನಿಲ್ಲಿಸಿದೆ. ಒಳಗೆ ಬರುವ ನೀರನ್ನು ನಿಲ್ಲಿಸೋಣ ಅಂದರೆ ಡ್ರಮ್ಮಿನ ಇನ್‌ಚಾರ್ಜ್ ಒಪ್ಪುತ್ತಿಲ್ಲ. ರೀಟ್ಯಾನಿಂಗ್ ಅರ್ಧದಲ್ಲಿ ನಿಲ್ಲಿಸಿದರೆ ಚರ್ಮ ಕೆಡುತ್ತದೆ, ನೀವು ದುಡ್ಡು ಕೊಡ್ತೀರಾ, ಅಂತ ಫೋನಿನಲ್ಲೇ ಕೂಗು. ಟ್ಯಾಂಕಿನ ಅಂಚಿಗೆ ಗೇಣು ದೂರದಲ್ಲಿ ನೀರು. ಕೊನೆಗೆ ಡೈ ಡ್ರಮ್ಮಿನ ಡ್ರೈನ್ ವಾಲ್ವ್ ಮಾತ್ರ ಮುಚ್ಚಿದರು, ಅದೂ ಗೊಣಗಿಕೊಂಡು.

ಸ್ಟೋರಿನಲ್ಲಿ ಅನ್ನಭೇದಿ ಇತ್ತು, ಅಂದರೆ ಫೆರಸ್ ಸಲ್ಫೇಟ್. ಮೆಟಾಬೈ ಚೆನ್ನಾಗಿ ಕೆಲಸ ಮಾಡಬೇಕಾದರೆ ಪಿಎಚ್ 2ರಿಂದ 3ಕ್ಕೆ ಇಳಿಸಬೇಕು. ಅಷ್ಟು ಆಸಿಡ್ ಎಲ್ಲಿಂದ ತರೋದು? ಫೆರಸ್ ಆದರೆ ಕ್ಷಾರದಲ್ಲೂ ಕ್ರೋಮೇಟನ್ನು ಮತ್ತೆ ಟ್ರೈವೇಲೆಂಟಿಗೆ ಇಳಿಸುತ್ತದೆ. ಒಂದು ಗ್ರಾಂ ಹೆಕ್ಸಾ ಕ್ರೋಮಿಗೆ ಸುಮಾರು 16 ಗ್ರಾಂ ಅನ್ನಭೇದಿ. ಟ್ಯಾಂಕಿನಲ್ಲಿ 60 ಕಿಲೋಲೀಟರ್, 4 ಪಿಪಿಎಂ, ಅಂದರೆ 240 ಗ್ರಾಂ ಕ್ರೋಮ್. ಲೆಕ್ಕಕ್ಕೆ 4 ಕೆಜಿ ಸಾಕು. ಆದರೆ ನೀರಿನಲ್ಲಿ ಉಳಿದ ಕ್ಲೋರಿನ್ 20 ಪಿಪಿಎಂ ಇತ್ತು. ಅದೂ ಫೆರಸ್ ತಿನ್ನುತ್ತದೆ, ಗ್ರಾಮಿಗೆ ಹತ್ತಿರಹತ್ತಿರ 8 ಗ್ರಾಂ. ಅದಕ್ಕೇ ಇನ್ನೂ 9 ಕೆಜಿಗಿಂತ ಜಾಸ್ತಿ. ಜಾರ್ ಟೆಸ್ಟ್ ಮಾಡಿ, 25 ಕೆಜಿಯ ಒಂದು ಮೂಟೆ ಪೂರ್ತಿ ಕರಗಿಸಿ ಬಿಟ್ಟು, ಏರ್ ಲೈನಿನಿಂದ ಕಲಕಿ, ಲೈಮ್ ಹಾಕಿ 8.5ಕ್ಕೆ ತಂದೆವು. ಹಳದಿ ಹೋಗಿ ತುಕ್ಕಿನ ಬಣ್ಣದ ಫ್ಲಾಕ್ ಕೂತಿತು. ಫಿಲ್ಟರ್ ಮಾಡಿದ ಸ್ಯಾಂಪಲ್‌ನಲ್ಲಿ ನೇರಳೆ ಬರಲಿಲ್ಲ.

ಇಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಪ್ರೆಸ್ ಅಣ್ಣನೇ ನೆನಪಿಸಿದರು, ಕೇಕ್ ಏನ್ಮಾಡೋದು ಸಾರ್?

ಪ್ರೆಸ್ಸಿನಿಂದ ಬಿದ್ದ ಸ್ಲಡ್ಜ್ ಕೇಕ್ ಕೈಗೆ ಒಣಗಿದ ಹಾಗೆ ಕಂಡರೂ ಅದರ ಅರ್ಧಕ್ಕಿಂತ ಜಾಸ್ತಿ ನೀರೇ. ಆ ನೀರೆಲ್ಲ ಹಳದಿ ಫಿಲ್ಟ್ರೇಟ್. ಕ್ರೋಮೇಟ್ ಕರಗಿರುವುದರಿಂದ ಮಳೆ ಬಿದ್ದರೆ ಶೆಡ್ಡಿನಿಂದ ಹರಿದು ಹೋಗುತ್ತದೆ. ಮುಷ್ಟಿ ಕೇಕನ್ನು ನೀರಿನಲ್ಲಿ ಕಲಕಿದೆವು, ಮೇಲಿನ ನೀರು ಹಳದಿ. ಲಾರಿಗೆ ಕಾಯುತ್ತಿದ್ದ ಚೀಲಗಳನ್ನೆಲ್ಲ ಬಿಚ್ಚಿ, ಥಿಕ್ನರಿಗೆ ಹಾಕಿ, ಅನ್ನಭೇದಿ ಸೇರಿಸಿ ಮತ್ತೆ ಪ್ರೆಸ್ ಹೊಡೆದೆವು. ತೂಕ ಏರಿತು. ಟನ್ ಲೆಕ್ಕದಲ್ಲಿ ಬಿಲ್ ಬರುತ್ತದಲ್ಲ, ಅದಕ್ಕೆ ಅಕೌಂಟ್ಸಿನವರು ನನ್ನನ್ನು ಕರೆದು ವಿಚಾರಿಸಿದರು. ಹೆಕ್ಸಾ ಬಗ್ಗೆ ಒಂದು ಪ್ರಶ್ನೆ ಇಲ್ಲ, ತೂಕದ ಬಗ್ಗೆ ಹತ್ತು.

ಹೈಪೋ ಲೈನಿಗೆ ಬ್ಲೈಂಡ್ ಫ್ಲ್ಯಾಂಜ್ ಹಾಕಿಸಿದೆ. ಬಣ್ಣಕ್ಕೆ ದಾರಿ ಸಿಕ್ಕಿದ್ದು ಡ್ರಮ್ಮಿನ ಹತ್ತಿರ. ಚರ್ಮದ ಆಸಿಡ್ ಡೈ ಹತ್ತಿಯ ರಿಯಾಕ್ಟಿವ್ ಡೈ ತರಹ ಅಲ್ಲ. ಫಾರ್ಮಿಕ್ ಆಸಿಡನ್ನು ಎರಡು ಮೂರು ಕಂತಿನಲ್ಲಿ ಹಾಕಿ, ಪಿಎಚ್ 3.8ರ ಕೆಳಗೆ ತಂದು, ಇನ್ನು ಅರ್ಧ ಗಂಟೆ ತಿರುಗಿಸಿದರೆ ಡೈ ಚರ್ಮಕ್ಕೇ ಹೋಗುತ್ತದೆ. ಲೋಟದಲ್ಲಿ ತೆಗೆದ ನೀರು ತಿಳಿಯಾಗಿದ್ದರೆ ಮಾತ್ರ ಡ್ರೈನ್. ಕಪ್ಪು ಆರ್ಡರ್ ಇದ್ದಾಗ ಇಷ್ಟಕ್ಕೂ ಬಗ್ಗುವುದಿಲ್ಲ. ಆಗ ಫೆರಸ್ ಮತ್ತು ಲೈಮ್ ಹಾಕುತ್ತೇವೆ, ಸ್ಲಡ್ಜ್ ಜಾಸ್ತಿಯಾಗುತ್ತದೆ. ಡ್ರಮ್ಮಿನ ಇನ್‌ಚಾರ್ಜ್ ಆ ಅರ್ಧ ಗಂಟೆಯನ್ನು ಇಟಿಪಿ ಖಾತೆಗೆ ಬರೆಯಿರಿ ಅನ್ನುತ್ತಾರೆ, ನಾನು ಸ್ಲಡ್ಜ್ ಲಾರಿಯ ಬಿಲ್ಲನ್ನು ಅವರ ಖಾತೆಗೆ ಬರೆಯಿರಿ ಅನ್ನುತ್ತೇನೆ. ತಿಂಗಳ ಮೀಟಿಂಗಿನಲ್ಲಿ ಈ ಜಗಳ ಇನ್ನೂ ನಡೀತಾನೇ ಇದೆ.