ಚಿತ್ರ ಹೇಳದೆ ಉಳಿಸಿದ್ದು

ಮುದ್ರಣಕಲೆಯ ಸ್ನಾತಕೋತ್ತರ ಪದವಿಗೆ ಅರ್ಜಿ ಹಾಕುತ್ತಿರುವ ಅಕ್ಕನ ಮಗಳು, ಪೋರ್ಟ್‌ಫೋಲಿಯೊ ಜೊತೆ ಕಳುಹಿಸಬೇಕಾದ ಸ್ಟೇಟ್‌ಮೆಂಟನ್ನು ಹಿಡಿದುಕೊಂಡು ಈ ವಾರ ಮಕ್ಕಂದೂರಿನಿಂದ ಮಡಿಕೇರಿಯ ನಮ್ಮ ಮನೆಗೆ ಬಂದಿದ್ದಳು. ಪ್ರತಿ ಪ್ಯಾರಾವೂ ‘ಈ ಕೃತಿಯಲ್ಲಿ ನಾನು’ ಎಂದೇ ಆರಂಭವಾಗಿ, ಕುಸಿದ ಗುಡ್ಡ, ವಾಲಿದ ಸಿಲ್ವರ್ ಓಕ್, ಬಳಸಿದ ಬಣ್ಣ ಎಂದು ಚಿತ್ರದಲ್ಲಿ ಕಾಣುವುದನ್ನೇ ಒಪ್ಪಿಸುತ್ತಿತ್ತು. ತರಬೇತಿ ಕೇಂದ್ರವೊಂದು ಕೊಟ್ಟ ಮಾದರಿಯಂತೆ. ಎಲ್ಲ ವಿದ್ಯಾರ್ಥಿಗಳಿಗೂ ಒಂದೇ ಮಾದರಿ ಹಂಚುವವರ ಬಗ್ಗೆ ನನಗೆ ಗೌರವವಿಲ್ಲ.

ಅವಳದು ರಿಡಕ್ಷನ್ ಲಿನೋಕಟ್. ಬಿಳಿಯಾಗಿ ಉಳಿಯಬೇಕಾದ ಭಾಗವನ್ನು ಮೊದಲು ಕೊರೆದು ತಿಳಿ ಬಣ್ಣವನ್ನು ಎಲ್ಲ ಹಾಳೆಗಳಿಗೂ ಒತ್ತಬೇಕು, ಬಳಿಕ ಅದೇ ಲಿನೋಲಿಯಂ ಹಲಗೆಯನ್ನು ಮತ್ತಷ್ಟು ಕೊರೆದು ಅದರ ಮೇಲೆಯೇ ಗಾಢ ಬಣ್ಣ ಒತ್ತಬೇಕು. ಹಿಂದಿನ ಹಂತ ಹಲಗೆಯಲ್ಲಿ ಉಳಿಯದ ಕಾರಣ, ಪ್ರತಿಗಳು ಎಷ್ಟೆಂದು ಮೊದಲೇ ತೀರ್ಮಾನಿಸಿರಬೇಕು.

“ಬಣ್ಣಕ್ಕೊಂದು ಹಲಗೆ ಮಾಡಿಕೊಂಡಿದ್ದರೆ ತಪ್ಪಾದಾಗ ತಿದ್ದಬಹುದಿತ್ತಲ್ಲ?” ಎಂದೆ.

“2018ರಲ್ಲಿ ಜಾರಿದ ಗುಡ್ಡವನ್ನು ತಿದ್ದಲು ಬಂತೇ ಚಿಕ್ಕಮ್ಮ? ಕೊರೆದ ಮೇಲೆ ಹಿಂತಿರುಗಲಾಗದ ವಿಧಾನವೇ ನನಗೆ ಬೇಕಾಗಿತ್ತು” ಎಂದಳು.

ಆ ಮಾತು ಈಗಲೂ ಕಿವಿಯಲ್ಲಿದೆ, ಏಕೆಂದರೆ ಅವಳು ಬರೆದು ತಂದಿದ್ದ ಹಾಳೆಯಲ್ಲಿ ಅದೊಂದೇ ಇರಲಿಲ್ಲ. ಮಾಧ್ಯಮ, ಅಳತೆ, ವರ್ಷವನ್ನು ಚಿತ್ರದ ಅಡಿಬರಹ ಹೇಳುತ್ತದೆ. ಸುಲಭದ ದಾರಿಯೊಂದು ಇದ್ದಾಗಲೂ ಅದನ್ನು ಏಕೆ ಬಿಟ್ಟಳೆಂಬುದನ್ನು ಮಾತ್ರ ಯಾವ ಚಿತ್ರವೂ ಹೇಳದು. ಪೋರ್ಟ್‌ಫೋಲಿಯೊ ತೆರೆದಿಟ್ಟುಕೊಂಡು, ನೋಡಿದರೇ ತಿಳಿಯುವ ಪ್ರತಿ ವಾಕ್ಯವನ್ನೂ ಪೆನ್ಸಿಲಿನಿಂದ ಹೊಡೆಯುತ್ತಾ ಹೋದೆವು. ಉಳಿದದ್ದು ಬಹಳ ಕಡಿಮೆ.

ಆದರೆ ಗುಡ್ಡಕ್ಕೂ ಹಲಗೆಗೂ ಇರುವ ಹೋಲಿಕೆಯೊಂದರಿಂದಲೇ ಸ್ಟೇಟ್‌ಮೆಂಟ್ ನಿಲ್ಲದು. ಚಿತ್ರದಲ್ಲಿ ಆಧಾರ ಕಾಣದಿದ್ದರೆ ಅದು ಬರಿಯ ಅಲಂಕಾರವೆಂದು ಪರೀಕ್ಷಕರಿಗೆ ಅನಿಸುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ಕಂದು ಬಣ್ಣ ಸ್ಥಾನ ತಪ್ಪಿ ಹಸಿರಿನ ಅಂಚು ಇಣುಕುವುದನ್ನು ತೋರಿಸಿ ಕೇಳಿದೆ. ಕಾಗದ ಸರಿದು ಹಾಗಾಯಿತೆಂದೂ, ಕುಸಿತದ ಅಂಚಿನಲ್ಲಿ ಉಳಿದ ಕಾಫಿ ಗಿಡಗಳ ಸಾಲಿನಂತೆ ಕಂಡದ್ದರಿಂದ ಆ ಪ್ರತಿಯನ್ನು ಎಸೆಯದೆ, ಮುಂದಿನ ಚಿತ್ರದಲ್ಲಿ ಬೇಕೆಂದೇ ಕಾಗದವನ್ನು ಸರಿಸಿದೆನೆಂದೂ ಹೇಳಿದಳು. ಅದನ್ನು ಹಾಗೆಯೇ ಬರೆಸಿದೆ.

ಈ ವಿಭಾಗವೇ ಏಕೆ ಎಂಬಲ್ಲಿ ‘ಹೆಸರಾಂತ ಸಂಸ್ಥೆ’ ಎಂದು ಬರೆದಿದ್ದಳು. ಮನೆಯಲ್ಲಿ ಪ್ರೆಸ್ ಇಲ್ಲದೆ ಸೌಟಿನ ಬೆನ್ನಿನಿಂದ ಉಜ್ಜಿ ಒತ್ತುವುದರಿಂದ ಅಗಲವಾದ ಗಾಢ ಬಣ್ಣ ಸಮನಾಗಿ ಕೂರುವುದಿಲ್ಲ. ಅದಕ್ಕಾಗಿ ಎಲ್ಲ ಚಿತ್ರಗಳನ್ನೂ ಚಿಕ್ಕದಾಗಿ ಮಾಡಿದ್ದಾಳೆ. ದೊಡ್ಡ ಪ್ರೆಸ್ ಸಿಕ್ಕಿದರೆ ಇಡೀ ಇಳಿಜಾರನ್ನು ಒಂದೇ ಹಾಳೆಯಲ್ಲಿ ಒತ್ತಿ ನೋಡಬೇಕೆಂಬುದು ಅವಳ ಆಸೆ. ‘ಹೆಸರಾಂತ’ವನ್ನು ಹೊಡೆದು ಇದನ್ನು ಸೇರಿಸಿದಳು. ‘ಬಾಲ್ಯದಿಂದಲೂ ನನಗೆ ಚಿತ್ರಕಲೆಯಲ್ಲಿ ಆಸಕ್ತಿ’ ಎಂಬ ಮೊದಲ ಸಾಲನ್ನು ತೆಗೆಯಲು ಮಾತ್ರ ಇನ್ನೂ ಒಪ್ಪಿಲ್ಲ.